ಸಹಾಯ ಬೇಕು: ಉದ್ಯಮ್ ನೋಂದಣಿಯಲ್ಲಿ ಖಾರದ ಪುಡಿ ಘಟಕಕ್ಕೆ ಯಾವ ಕೋಡ್?

ಎಲ್ಲರಿಗೂ ನಮಸ್ಕಾರ. ಬ್ಯಾಡಗಿ ಹತ್ರ ನಮ್ಮದೊಂದು ಸಣ್ಣ ಖಾರದ ಪುಡಿ ಘಟಕ ಇದೆ. ಮಾರುಕಟ್ಟೆಯಲ್ಲಿ ಮೆಣಸಿನಕಾಯಿ ತಂದು, ತೊಟ್ಟು ಬಿಡಿಸಿ, ಒಣಗಿಸಿ, ಪುಡಿ ಮಾಡಿ ಪ್ಯಾಕೆಟ್ ಮಾಡ್ತೇವೆ. ಬ್ಯಾಂಕಿನವರು ಸಾಲಕ್ಕೆ ಉದ್ಯಮ್ ಸರ್ಟಿಫಿಕೇಟ್ ಕೇಳಿದ್ದಾರೆ. ಆಧಾರ್, ಪ್ಯಾನ್ ಹಂತ ಸಲೀಸಾಗಿ ಮುಗೀತು. ನಿಂತಿರೋದು ಯಾವ ಬಗೆಯ ಕೆಲಸ ಅಂತ ತೋರಿಸೋ ಎನ್‌ಐಸಿ ಕೋಡ್ ಹತ್ರ.

ಮೊದಲು ಒಂದು ಸೈಬರ್ ಸೆಂಟರ್‌ನಲ್ಲಿ 01ರಿಂದ ಶುರುವಾಗೋ ಮಸಾಲೆ ಬೆಳೆಯ ಕೋಡ್ ಹಾಕೋಕೆ ಹೊರಟಿದ್ರು. ಅದು ಬೆಳೆಯೋರಿಗೆ, ಪುಡಿ ಮಾಡೋರಿಗಲ್ಲ ಅಲ್ವಾ? ಹುಡುಕೋದು ಬಿಟ್ಟು ಪಟ್ಟಿಯಲ್ಲೇ ಇಳಿದು ನೋಡಿದೆ. 10 ಆಹಾರ ತಯಾರಿಕೆ, ಅದರೊಳಗೆ 1079, ಕೊನೆಗೆ 10795, ಮಸಾಲೆ ಪುಡಿ ಮಾಡೋದು ಮತ್ತು ಸಂಸ್ಕರಣೆ. ನಮ್ಮ ಕೆಲಸಕ್ಕೆ ಇದೇ ಸರಿ ಅನ್ಸುತ್ತೆ.

ಆದರೆ ಇನ್ನೆರಡು ಕೆಲಸವೂ ಇದೆ. ಊರಿನವರು ತಂದ ಮೆಣಸಿನಕಾಯಿಯನ್ನು ಕಿಲೋ ಲೆಕ್ಕದಲ್ಲಿ ಕೂಲಿಗೆ ಪುಡಿ ಮಾಡಿಕೊಡ್ತೇವೆ. ಸೀಸನ್‌ನಲ್ಲಿ ಒಣ ಮೆಣಸಿನಕಾಯಿಯನ್ನು ಚೀಲಗಟ್ಟಲೆ ಹಾಗೇ ಮಾರ್ತೇವೆ. ಕೆಲವು ತಿಂಗಳು ಈ ವ್ಯಾಪಾರದ ಹಣವೇ ಪುಡಿಗಿಂತ ಜಾಸ್ತಿ. ಒಂದು ಉದ್ಯಮಕ್ಕೆ ಒಂದೇ ನೋಂದಣಿ, ಅದರಲ್ಲೇ ಹಲವು ಚಟುವಟಿಕೆ ಸೇರಿಸಬಹುದು ಅನ್ನೋದು ಗೊತ್ತು. ಭಯ ಇರೋದು ಬೇರೆ: ವ್ಯಾಪಾರಿ ಅಂತ ದಾಖಲಾದರೆ ಆದ್ಯತಾ ವಲಯದ ಸಾಲ ಬಿಟ್ಟು ಬೇರೆ ಸೌಲಭ್ಯ ಸಿಗಲ್ಲ. ನಮಗೆ ಯಂತ್ರದ ಸಬ್ಸಿಡಿಯೂ ಬೇಕು.

ಹೀಗೇ ಘಟಕ ನಡೆಸೋರು ಹೇಳಿ: ಕೂಲಿ ಕೆಲಸವೂ 10795ರಲ್ಲೇ ಬರುತ್ತಾ, ಸೇವೆ ಅಂತ ಬೇರೆ ಹಾಕಬೇಕಾ? ಮುಖ್ಯ ಚಟುವಟಿಕೆ ತಯಾರಿಕೆ ಅಂತಿಟ್ಟು, 46ರ ಸಗಟು ವ್ಯಾಪಾರದ ಕೋಡನ್ನೂ ಜೊತೆಗೆ ಸೇರಿಸಿದರೆ ಸಬ್ಸಿಡಿಗೆ ತೊಂದರೆ ಆಗುತ್ತಾ?