ಚಳಿಯ ಬೆಳಗ್ಗೆ ಮಾತ್ರ ಕಾಣಿಸುವ ಟೈರ್ ಒತ್ತಡದ ದೀಪ: ಗಾಳಿ ಕಡಿಮೆಯೋ, ಸೆನ್ಸರ್ ದೋಷವೋ?

ಮುಂಜಾನೆಪಯಣ: ಎಂಟು ವರ್ಷ ಹಳೆಯ ನನ್ನ ಕಾರಿನಲ್ಲಿ ಚಳಿಯ ಬೆಳಗ್ಗೆ ಹೊರಟು ಸುಮಾರು 15 ನಿಮಿಷವಾದ ಮೇಲೆ ಟೈರ್ ಒತ್ತಡದ ಹಳದಿ ದೀಪ ಉರಿಯತೊಡಗುತ್ತದೆ, ಮಧ್ಯಾಹ್ನ ಹೊರಟರೆ ಉರಿಯುವುದಿಲ್ಲ. ಬಾಗಿಲ ಕಂಬದ ಚೀಟಿಯಲ್ಲಿ 33 ಪಿಎಸ್‌ಐ ಎಂದಿದೆ. ಇಂದು ಬೆಳಗ್ಗೆ 5 ಡಿಗ್ರಿ ಚಳಿಯಲ್ಲಿ, ಕಾರನ್ನು ಹೊರಡಿಸುವ ಮೊದಲೇ ಅಳೆದಾಗ ನಾಲ್ಕರಲ್ಲೂ 32 ಇತ್ತು.

ಗಾಳಿಮಾಪಕ: ಇದು ಚಳಿಯ ಪರಿಣಾಮ. ಉಷ್ಣತೆ ಐದಾರು ಡಿಗ್ರಿ ಇಳಿದರೆ ಒತ್ತಡವೂ ಸುಮಾರು ಒಂದು ಪಿಎಸ್‌ಐ ಇಳಿಯುತ್ತದೆ. 37ರವರೆಗೆ ತುಂಬಿಸಿ, ದೀಪ ತಾನಾಗಿಯೇ ಆರುತ್ತದೆ.

ಹಳೆಚಕ್ರ: ಲೆಕ್ಕ ಸರಿಯಿದೆ, ಆದರೆ ಅದು ಇಲ್ಲಿ ಹೊಂದುವುದಿಲ್ಲ. ಅನೇಕ ಕಾರುಗಳಲ್ಲಿ ಒತ್ತಡವು ಚೀಟಿಯ ಅಂಕಿಗಿಂತ ಕಾಲು ಭಾಗದಷ್ಟು, ಅಂದರೆ ಇಲ್ಲಿ ಸುಮಾರು 25ಕ್ಕೆ, ಇಳಿದಾಗ ದೀಪ ಉರಿಯುತ್ತದೆ. 32 ಅದಕ್ಕಿಂತ ಬಹಳ ಮೇಲಿದೆ. ಅದಕ್ಕಿಂತ ಮುಖ್ಯವಾದ ಸುಳಿವು ಸಮಯದಲ್ಲಿದೆ. ಚಳಿಯಿಂದ ಒತ್ತಡ ಇಳಿದಿದ್ದರೆ ದೀಪ ಹೊರಡುವಾಗಲೇ ಕಾಣಿಸಿಕೊಂಡು, ಓಡುತ್ತ ಟೈರ್ ಬಿಸಿಯಾದಂತೆ ಆರಬೇಕಿತ್ತು. ನಿಮ್ಮಲ್ಲಿ ಓಡಿದ ಮೇಲೆ ಹೊತ್ತಿಕೊಳ್ಳುತ್ತಿದೆ. ದಯವಿಟ್ಟು 37 ತುಂಬಿಸಬೇಡಿ. ದೀಪ ಕಾಣಿಸಿಕೊಂಡ ಮೊದಲ ಒಂದು ನಿಮಿಷ ಅದು ಮಿನುಗುತ್ತದೆಯೇ ಎಂದು ಪಕ್ಕದಲ್ಲಿ ಕುಳಿತವರಿಗೆ ಗಮನಿಸಲು ಹೇಳಿ.

ನಾಲ್ಕುಗಾಲಿ: ನನ್ನ ಕಾರಿನಲ್ಲಿಯೂ ಹೀಗೇ ಆಗಿತ್ತು; ಗಾಳಿ ಸರಿಪಡಿಸಿ ಡ್ಯಾಶ್‌ಬೋರ್ಡಿನ ರಿಸೆಟ್ ಗುಂಡಿಯನ್ನು ಒತ್ತಿ ಹಿಡಿದ ಮೇಲೆ ಸರಿಹೋಯಿತು.

ಹಳೆಚಕ್ರ: ನಿಮ್ಮದು ಬಹುಶಃ ಎಬಿಎಸ್ ಮೂಲಕ ಚಕ್ರಗಳ ವೇಗವನ್ನು ಹೋಲಿಸಿ ಒತ್ತಡವನ್ನು ಊಹಿಸುವ ವ್ಯವಸ್ಥೆಯಾಗಿರಬೇಕು. ಚಕ್ರದೊಳಗೆ ಸೆನ್ಸರ್ ಇರುವ ಕಾರಿನಲ್ಲಿ, ಸತ್ತ ಸೆನ್ಸರ್ ರಿಸೆಟ್‌ನಿಂದ ಬದುಕುವುದಿಲ್ಲ.

ಮುಂಜಾನೆಪಯಣ: ನನ್ನ ಕಾರಿನಲ್ಲಿ ಚಕ್ರದೊಳಗೇ ಸೆನ್ಸರ್‌ಗಳಿವೆ. ತಂಗಿ ಗಮನಿಸಿದಳು: ದೀಪ ಒಂದು ನಿಮಿಷಕ್ಕಿಂತ ತುಸು ಹೆಚ್ಚು ಹೊತ್ತು ಮಿನುಗಿ, ಆಮೇಲೆ ಸ್ಥಿರವಾಗಿ ನಿಂತಿತು. ನಾನು ಇಷ್ಟು ದಿನ ಕೊನೆಯ ಸ್ಥಿತಿಯನ್ನು ಮಾತ್ರ ನೋಡುತ್ತಿದ್ದೆ.

ಹಳೆಚಕ್ರ: ಹಾಗಾದರೆ ಅದು ಗಾಳಿಯ ಎಚ್ಚರಿಕೆಯಲ್ಲ, ವ್ಯವಸ್ಥೆಯ ದೋಷದ ಸೂಚನೆ. ಒಂದು ಸೆನ್ಸರ್‌ನ ಸಂಕೇತ ಬರುತ್ತಿಲ್ಲವೆಂದು ನಿರ್ಧರಿಸಲು ಕಾರಿಗೆ ಕೆಲವು ನಿಮಿಷಗಳ ಓಟ ಬೇಕಾಗುವುದರಿಂದ ದೀಪ ತಡವಾಗಿ ಬರುತ್ತದೆ. ಸೆನ್ಸರ್‌ನ ಬ್ಯಾಟರಿ ಹಳೆಯದಾದಾಗ ಚಳಿಯಲ್ಲಿ ಶಕ್ತಿ ಸಾಲದೆ ಸುಮ್ಮನಾಗಿ, ಬಿಸಿಲೇರಿದಾಗ ಮತ್ತೆ ಕೆಲಸ ಮಾಡುವುದುಂಟು. ಅದಕ್ಕಾಗಿ ಚಕ್ರಗಳು ತಣ್ಣಗಿರುವಾಗಲೇ ಸ್ಕ್ಯಾನರ್ ಹಿಡಿಸಿ. ಮಧ್ಯಾಹ್ನ ಪರೀಕ್ಷಿಸಿದರೆ ನಾಲ್ಕೂ ಸರಿಯೆಂದು ಹೇಳಿ ಕಳುಹಿಸಬಹುದು.

ಮುಂಜಾನೆಪಯಣ: ಇಂದು ಮುಂಜಾನೆ ಪರೀಕ್ಷಿಸಿದಾಗ ಎಡ ಹಿಂದಿನ ಚಕ್ರದ ಸೆನ್ಸರ್ ಉತ್ತರಿಸಲಿಲ್ಲ. ಬ್ಯಾಟರಿ ಮಾತ್ರ ಬದಲಿಸಬಹುದೇ?

ಹಳೆಚಕ್ರ: ಬ್ಯಾಟರಿಯನ್ನು ಒಳಗೇ ಮುಚ್ಚಿ ಕೂರಿಸಿರುತ್ತಾರೆ, ಆದ್ದರಿಂದ ಇಡೀ ಸೆನ್ಸರ್ ಬದಲಿಸಬೇಕು. ಅದು ಬರುವವರೆಗೆ ವಾರಕ್ಕೊಮ್ಮೆಯಾದರೂ ಗೇಜ್ ಹಿಡಿದು ನೋಡಿ, ಏಕೆಂದರೆ ಆ ಟೈರಿನಲ್ಲಿ ಗಾಳಿ ಇಳಿದರೂ ನಿಮಗೆ ಎಚ್ಚರಿಕೆ ಬರದಿರಬಹುದು. ಉಳಿದ ಮೂರಕ್ಕೂ ಎಂಟು ವರ್ಷವಾಗಿದೆ. ಟೈರ್ ಹೇಗೂ ಸವೆದಿದ್ದರೆ ಹೊಸ ಟೈರ್ ಹಾಕಿಸುವಾಗ ನಾಲ್ಕನ್ನೂ ಬದಲಿಸುವುದು ಲೇಸು.

ಗಾಳಿಮಾಪಕ: ಮಿನುಗುವ ಅಂಶ ನನಗೆ ಹೊಳೆದಿರಲಿಲ್ಲ, 37ರ ಸಲಹೆಯನ್ನು ಹಿಂತೆಗೆದುಕೊಳ್ಳುತ್ತೇನೆ. ಆದರೆ ಉತ್ತರಿಸುತ್ತಿರುವ ಮೂರನ್ನು ಈಗಲೇ ತೆಗೆಯುವುದು ವ್ಯರ್ಥ ಖರ್ಚೆಂದೇ ನನ್ನ ಅಭಿಪ್ರಾಯ.

ಮುಂಜಾನೆಪಯಣ: ಟೈರ್‌ಗಳು ಇನ್ನೂ ಒಂದು ವರ್ಷ ಬಾಳುವಂತಿವೆ. ಸದ್ಯಕ್ಕೆ ಒಂದನ್ನೇ ತರಿಸಿದ್ದೇನೆ.