ಗ್ರಾಚ್ಯುಟಿಯ ‘ನಿರಂತರ ಸೇವೆ’, ಪಿಎಫ್‌ನ ‘ನಿರಂತರ ಸೇವೆ’: ಎರಡೂ ಒಂದೇನಾ?

ಸುಮಾ:
ಬಳಗಕ್ಕೆ ನಮಸ್ಕಾರ. ನೌಕರರ ಕೈಪಿಡಿಯೊಂದನ್ನು ಕನ್ನಡದಲ್ಲಿ ಬರೆಯುತ್ತಿದ್ದೇನೆ. ‘ಐದು ವರ್ಷ ನಿರಂತರ ಸೇವೆ’ ಅನ್ನುವ ಮಾತು ಗ್ರಾಚ್ಯುಟಿಗೂ ಬರುತ್ತದೆ, ಪಿಎಫ್ ಹಣದ ತೆರಿಗೆಗೂ ಬರುತ್ತದೆ. ಒಬ್ಬರು ಒಂದು ಕಂಪನಿಯಲ್ಲಿ 3 ವರ್ಷ 2 ತಿಂಗಳು, ಇನ್ನೊಂದರಲ್ಲಿ 2 ವರ್ಷ 4 ತಿಂಗಳು ದುಡಿದು ರಾಜೀನಾಮೆ ಕೊಟ್ಟರು ಅಂದುಕೊಳ್ಳಿ. ಇವರದು ನಿರಂತರ ಸೇವೆ ಅನ್ನಬಹುದಾ?

ಗಿರೀಶ:
ಎರಡೂ ಒಂದೇ ರೀ. 4 ವರ್ಷ 240 ದಿನ ಆದ್ರೆ ಐದು ವರ್ಷ ಅಂತಲೇ ಲೆಕ್ಕ. ನಮ್ಮ ಭಾವನಿಗೆ ಹಾಗೇ ಗ್ರಾಚ್ಯುಟಿ ಬಂತು.

ವೆಂಕಟೇಶ:
ಗಿರೀಶರೇ, 240 ದಿನದ ವಾದ ಗ್ರಾಚ್ಯುಟಿಯದ್ದು. ಅದನ್ನು ಒಪ್ಪಿದ ಹೈಕೋರ್ಟ್ ತೀರ್ಪೂ ಇದೆ. ಪಿಎಫ್ ತೆರಿಗೆಗೆ ಅದನ್ನು ತರಬೇಡಿ. ಗ್ರಾಚ್ಯುಟಿಯಲ್ಲಿ ಒಬ್ಬನೇ ಮಾಲೀಕನ ಕೆಳಗಿನ ಸೇವೆ ನೋಡುತ್ತಾರೆ. ಹಾಗಾಗಿ ಸುಮಾ ಅವರು ಹೇಳಿದವರಿಗೆ ಎರಡೂ ಕಡೆ ಗ್ರಾಚ್ಯುಟಿ ಇಲ್ಲ.

ಪಿಎಫ್‌ನಲ್ಲಿ ಹಾಗಲ್ಲ. ಹಳೆಯ ಖಾತೆಯ ಹಣವನ್ನು ಹೊಸ ಖಾತೆಗೆ ವರ್ಗ ಮಾಡಿಸಿದ್ದರೆ ಹಳೆಯ ಸೇವೆಯೂ ಸೇರುತ್ತದೆ. ಒಟ್ಟು 5 ವರ್ಷ 6 ತಿಂಗಳು, ತೆರಿಗೆ ಇಲ್ಲ. ಜನ ಎಡವುವುದು ಇಲ್ಲೇ. ಯುಎಎನ್ ಒಂದೇ ಇದೆ, ಹಣ ತಾನಾಗೇ ಸೇರಿರುತ್ತೆ ಅಂದುಕೊಳ್ಳುತ್ತಾರೆ. ಪಾಸ್‌ಬುಕ್ ತೆಗೆದು ನೋಡಿ. ಎರಡು ಮೆಂಬರ್ ಐಡಿ ಇದ್ದು, ಹಳೆಯದರಲ್ಲಿ ಇನ್ನೂ ಹಣ ಕಾಣಿಸಿದರೆ ವರ್ಗ ಆಗಿಲ್ಲ. ಹಾಗೇ ಬೇರೆ ಬೇರೆಯಾಗಿ ಹಿಂತೆಗೆದರೆ ಎರಡೂ ಐದು ವರ್ಷದ ಒಳಗಿನವೇ ಆಗುತ್ತವೆ. ಮೊತ್ತ 50,000 ರೂಪಾಯಿ ಮುಟ್ಟಿದರೆ 10% ಟಿಡಿಎಸ್ ಹಿಡಿಯುತ್ತಾರೆ. ಅಷ್ಟಕ್ಕೇ ಮುಗಿಯಲ್ಲ. ಮಾಲೀಕರ ಪಾಲು ಮತ್ತು ಅದರ ಬಡ್ಡಿ ಆ ವರ್ಷದ ಸಂಬಳಕ್ಕೆ ಸೇರುತ್ತದೆ. ನಮ್ಮ ಪಾಲಿನ ಮೇಲೆ ಹಿಂದೆ ಪಡೆದ ತೆರಿಗೆ ವಿನಾಯಿತಿಯೂ ವಾಪಸ್ ಹೋಗುತ್ತದೆ. ಅದಕ್ಕೇ ಮೊದಲು ವರ್ಗ, ಆಮೇಲೆ ಹಿಂತೆಗೆತ. ಕಾಯಿಲೆಯಿಂದಲೋ ಕಂಪನಿ ಮುಚ್ಚಿದ್ದಕ್ಕೋ ಕೆಲಸ ಹೋಗಿದ್ದರೆ ಐದು ವರ್ಷದ ಷರತ್ತೇ ಇಲ್ಲ.

ರೇಖಾ:
ನನ್ನದೂ ಇದೇ ಗೋಳು! ರಾಜೀನಾಮೆ ಕೊಟ್ಟಾಗ ಉಳಿದ ರಜೆಯ ಹಣಕ್ಕೆ ಪೂರ್ತಿ ತೆರಿಗೆ ಹಿಡಿದರು. ನೀವು ನಿವೃತ್ತಿ ಆಗಿಲ್ಲವಲ್ಲ ಅಂದರು.

ವೆಂಕಟೇಶ:
ರೇಖಾ ಅವರೇ, ಇದು ಬೇರೆ ವಿಷಯ. ಆದರೂ ಹೇಳ್ತೀನಿ. ಅಲ್ಲಿ ‘ನಿವೃತ್ತಿ’ ಅಂದರೆ ವಯಸ್ಸಾಗಿ ಬಿಡುವುದಷ್ಟೇ ಅಲ್ಲ, ರಾಜೀನಾಮೆಯೂ ಸೇರುತ್ತದೆ ಅಂತ ಮದ್ರಾಸ್ ಹೈಕೋರ್ಟ್ ಹಿಂದೆಯೇ ಹೇಳಿದೆ. ಖಾಸಗಿ ನೌಕರರಿಗೆ ವಿನಾಯಿತಿಯ ಮಿತಿ 25 ಲಕ್ಷ. ಆದರೆ ಲೆಕ್ಕದ ಸೂತ್ರದಲ್ಲಿ ಬರುವ ಕಡಿಮೆ ಮೊತ್ತಕ್ಕಷ್ಟೇ ಅದು ಸಿಗುತ್ತದೆ. ಕಂಪನಿ ಕೊಡದಿದ್ದರೆ ರಿಟರ್ನ್ ಹಾಕುವಾಗ ಕೇಳಬಹುದು. ಕೆಲಸದಲ್ಲಿ ಇರುವಾಗಲೇ ರಜೆ ಮಾರಿಕೊಂಡರೆ ಮಾತ್ರ ಪೂರ್ತಿ ತೆರಿಗೆ.

ಸುಮಾ:
ಹಾಗಾದರೆ ಗ್ರಾಚ್ಯುಟಿಗೆ ‘ಒಂದೇ ಕಂಪನಿಯಲ್ಲಿ ಐದು ವರ್ಷ’, ಪಿಎಫ್‌ಗೆ ‘ವರ್ಗ ಮಾಡಿಸಿದ ಸೇವೆಯೂ ಸೇರಿ ಐದು ವರ್ಷ’ ಅಂತ ಬಿಡಿಸಿ ಬರೆಯುತ್ತೇನೆ. ಎರಡು ಕೆಲಸಗಳ ನಡುವೆ ನಾಲ್ಕು ತಿಂಗಳು ಖಾಲಿ ಕೂತಿದ್ದರೆ?

ವೆಂಕಟೇಶ:
ಹಣ ವರ್ಗ ಆಗಿದ್ದರೆ ಸಾಕು, ನಡುವಿನ ಬಿಡುವು ಅಡ್ಡಿಯಲ್ಲ ಅನ್ನುವುದು ನನ್ನ ಓದು.

ಗಿರೀಶ:
ಬಿಡುವು ಇದ್ದರೂ ‘ನಿರಂತರ’ ಅಂತೀರಾ? ನಾನಂತೂ ಒಪ್ಪಲ್ಲ.