ಸಹಾಯ ಬೇಕು: ಫೋಟೋದಲ್ಲಿರುವುದು ಮೈಕ್ರೋ ಸಿಮ್ಮೋ, ಮೆಮೊರಿ ಕಾರ್ಡೋ?

ಅಣ್ಣಾರ, ಅಕ್ಕಾರ, ನಮಸ್ಕಾರ. ಶಹಾಬಾದದಿಂದ ಬಂದ ಈ ಫೋಟೋ ನೋಡಿ ಹೇಳ್ರಿ. ನಾಳೆ ಕಲಬುರಗಿ ಸೂಪರ್ ಮಾರ್ಕೆಟ್‌ನಲ್ಲಿ ಅಡಾಪ್ಟರ್ ಕೊಳ್ಳಬೇಕು.

ಕಾರ್ಡಿನ ಪಕ್ಕ ಎಟಿಎಂ ಕಾರ್ಡ್ ಇಟ್ಟು, ನೇರ ಮೇಲಿನಿಂದ ತೆಗೆದ ಫೋಟೋ ಇದು. ನಾಣ್ಯ ಬೇಡ ಅಂದಿದ್ದೆ, ಏಕೆಂದರೆ ಒಂದು ರೂಪಾಯಿ ನಾಣ್ಯ ಬೇರೆ ಬೇರೆ ಅಳತೆಯಲ್ಲಿ ಬಂದಿದೆ. ಎಟಿಎಂ ಕಾರ್ಡಿನ ಉದ್ದ ಎಲ್ಲ ಕಡೆ 85.6 ಮಿ.ಮೀ. ಫೋಟೋದಲ್ಲಿ ಅದು 428 ಪಿಕ್ಸೆಲ್, ಅಂದರೆ ಮಿಲಿಮೀಟರಿಗೆ 5. ಸಣ್ಣ ಕಾರ್ಡ್ 75 ಉದ್ದ, ಸುಮಾರು 58 ಅಗಲ. ಉದ್ದ 15 ಮಿ.ಮೀ. ಆಯಿತು, ತೊಡಕು ಅಗಲದ್ದು. ಮೈಕ್ರೋ ಸಿಮ್ 12 ಮಿ.ಮೀ., ಮೈಕ್ರೋ ಎಸ್‌ಡಿ 11. ಇದು ಎರಡರ ನಡುವೆ ಬಿತ್ತು. ಕ್ಯಾಮೆರಾ ಸ್ವಲ್ಪ ವಾಲಿದರೂ ಇಷ್ಟು ತಪ್ಪುತ್ತದೆ. ನ್ಯಾನೋ ಸಿಮ್ ಅಂತೂ ಅಲ್ಲ, ಅದು 12.3 × 8.8.

ಚಿನ್ನದ ಬಣ್ಣದ ಭಾಗ ನೋಡಿದರೆ ಸಂಶಯವೇ ಇರದು: ಸಿಮ್‌ನಲ್ಲಿ ಗೆರೆ ಎಳೆದ ಒಂದೇ ಚೌಕ, ಮೈಕ್ರೋ ಎಸ್‌ಡಿಯಲ್ಲಿ ಒಂದು ತುದಿಗೆ ಸಾಲಾಗಿ 8 ಪಟ್ಟಿ. ಆದರೆ ಕಾರ್ಡ್ ಬೋರಲಾಗಿದೆ, ಮರಳಿ ಫೋಟೋ ಸಿಗುವುದು ನಾಡಿದ್ದು.

ಎರಡೂ ಕಾರ್ಡ್ ಕೈಯಲ್ಲಿರುವವರು ಮೂಲೆಯ ಆಕಾರ ಹೋಲಿಸಿ ಹೇಳಿ. ಇದರಲ್ಲಿ ಒಂದು ಮೂಲೆ ಓರೆಯಾಗಿ ಕತ್ತರಿಸಿದಂತಿದೆ, ಉಳಿದ ಅಂಚುಗಳಲ್ಲಿ ಎಲ್ಲೂ ಕಚ್ಚು ಕಾಣುವುದಿಲ್ಲ. ಮೈಕ್ರೋ ಎಸ್‌ಡಿ ಆದರೆ ಪಕ್ಕದ ಅಂಚಿನಲ್ಲಿ ಸಣ್ಣ ಕಚ್ಚು ಇರಲೇಬೇಕಲ್ಲ?